ಮಧ್ಯಾಹ್ನವಾದರೆ ಹಾಟ್‌ಸ್ಪಾಟ್ ಮಲಗುತ್ತದೆ: ತಪ್ಪು ಫೋನಿನದೋ, ಕಂಪನಿಯದೋ, ನಮ್ಮೂರ ಬಿಸಿಲಿನದೋ?

ಬಿಸಿಲೂರು (ರಾಯಚೂರು), ಸೋಮವಾರ ರಾತ್ರಿ 9.10

ಬೆಂಗಳೂರಿನ ಒಂದು ಕಂಪನಿಗೆ ಮನೆಯಲ್ಲೇ ಕುಳಿತು ಕೆಲಸ ಮಾಡುತ್ತೇನೆ. ಹೊಸದಾಗಿ ಸೇರಿದವರಿಗೆ ವಿಮೆ ಬಿಲ್ಲುಗಳ ಪರಿಶೀಲನೆಯನ್ನು ಕಲಿಸುವುದು ನನ್ನ ಪಾಲಿಗೆ ಬಂದಿದೆ. ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ, ಊಟದ ಹೊತ್ತು ಬಿಟ್ಟರೆ, ವೀಡಿಯೊ ಕರೆಯಲ್ಲೇ ಇರಬೇಕು. ನಮ್ಮ ಓಣಿಗೆ ಬ್ರಾಡ್‌ಬ್ಯಾಂಡ್ ತಂತಿ ಬಂದಿತ್ತು. ರಸ್ತೆ ಅಗೆದವರು ಅದನ್ನು ಕತ್ತರಿಸಿ ಹೋದರು, ಜೋಡಿಸುವವರು ಇನ್ನೂ ಬಂದಿಲ್ಲ. ಹಾಗಾಗಿ ಫೋನಿನ ಹಾಟ್‌ಸ್ಪಾಟ್‌ನಿಂದ ಲ್ಯಾಪ್‌ಟಾಪ್ ನಡೆಸುತ್ತಿದ್ದೇನೆ.

ಫೋನ್ ಎರಡು ವರ್ಷದ ಹಿಂದಿನದು, 5ಜಿ, ಬ್ಯಾಟರಿ 5000 ಎಂಎಎಚ್. ದಿನಕ್ಕೆ 2 ಜಿಬಿ, ಅದರ ಜೊತೆಗೆ 5ಜಿ ಮಿತಿಯಿಲ್ಲದ ಯೋಜನೆ. ಬೆಳಿಗ್ಗೆ ಏನೂ ತೊಂದರೆಯಿಲ್ಲ. 12 ಗಂಟೆಗೆ ಮಾತು ತುಂಡಾಗಲು ತೊಡಗುತ್ತದೆ. 2 ಗಂಟೆಗೆ ಒಂದು ಇಮೇಲ್ ಕೂಡ ತೆರೆಯುವುದಿಲ್ಲ. ಸಂಜೆ 6ರ ನಂತರ, ನಾನು ಏನನ್ನೂ ಮಾಡದಿದ್ದರೂ, ತಾನಾಗಿಯೇ ಸರಿಯಾಗುತ್ತದೆ! ಫೋನ್ ಅಂತೂ ರೊಟ್ಟಿ ಹಂಚಿನಂತೆ ಕಾದಿರುತ್ತದೆ. 9.30ಕ್ಕೆ ನೂರಿದ್ದ ಬ್ಯಾಟರಿ 1 ಗಂಟೆಗೆ 58. ಚಾರ್ಜಿಗೆ ಹಾಕಿದರೆ ಇನ್ನಷ್ಟು ಕಾಯುತ್ತದೆ.

ಗ್ರಾಹಕ ಸೇವೆಯವರು "ಫೋನ್ ಆಫ್ ಮಾಡಿ ಆನ್ ಮಾಡಿ" ಎಂದು ಹೇಳಿ ಕೈತೊಳೆದುಕೊಂಡರು. ಹಾಟ್‌ಸ್ಪಾಟ್ ಬಳಸುವವರಿಗೆ ಕಂಪನಿಯೇ ವೇಗ ಇಳಿಸುತ್ತದೆಯೇ?

ಕಿನ್ನಾಳ ಗೊಂಬೆ (ಕೊಪ್ಪಳ), 9.24

ಇಳಿಸುತ್ತದೆ ಅಕ್ಕ. ಹಾಟ್‌ಸ್ಪಾಟ್‌ನಲ್ಲಿ ಯಾವಾಗಲೂ ಅರ್ಧ ವೇಗವೇ ಸಿಗುವುದು. ಅದು ಎಲ್ಲರಿಗೂ ಗೊತ್ತಿರುವ ವಿಷಯ. ಜೊತೆಗೆ ನಿಮ್ಮ ಹಾಟ್‌ಸ್ಪಾಟ್ 2.4 ಗಿಗಾಹರ್ಟ್ಸ್‌ನಲ್ಲಿ ಇರಬೇಕು. ಸೆಟ್ಟಿಂಗ್ಸ್‌ನಲ್ಲಿ 5 ಗಿಗಾಹರ್ಟ್ಸ್ ಎಂದು ಬದಲಿಸಿ, ಅಲ್ಲಿಗೆ ಸಮಸ್ಯೆ ಮುಗಿಯುತ್ತದೆ. ನಾನು ಹಾಗೆ ಮಾಡಿದ ಮೇಲೆ ನನ್ನ ವೇಗ 30ರಿಂದ 150ಕ್ಕೆ ಏರಿತು.

ಸಂಡೂರು ಸೀತಾಫಲ, 9.31

ನನಗೂ ಇದೇ ತೊಂದರೆ. ಲ್ಯಾಪ್‌ಟಾಪಿನಿಂದ ಫೋನಿಗೆ ಹಾಟ್‌ಸ್ಪಾಟ್ ಕೊಟ್ಟರೆ ಫೋನಿನಲ್ಲಿ ನೆಟ್ ಬರುವುದಿಲ್ಲ. ವಿಂಡೋಸ್ ಮತ್ತೆ ಹಾಕಿಸಬೇಕೇ?

ಹಳೆಯ ಮೋಡೆಮ್ (ಬಳ್ಳಾರಿ), 10.05

ಸೀತಾಫಲ ಅವರೇ, ನಿಮ್ಮದು ಇದರ ತಿರುವುಮುರುವು. ಬೇರೆ ಚರ್ಚೆ ಆರಂಭಿಸಿ, ಅಲ್ಲಿ ನೋಡೋಣ. ವಿಂಡೋಸ್‌ಗೆ ಸದ್ಯಕ್ಕೆ ಕೈ ಹಚ್ಚಬೇಡಿ.

ಗೊಂಬೆಯವರೇ, ನೀವು ಹೇಳಿದ "ಅರ್ಧ ವೇಗ" ಇರುವುದು ಬೇರೆ ಕಡೆ. ಒಂದೇ ರೇಡಿಯೊ ವೈ-ಫೈಯನ್ನು ಹಿಡಿದು ಅದೇ ಚಾನೆಲ್‌ನಲ್ಲಿ ಮುಂದಕ್ಕೆ ಹಂಚಿದರೆ ಹಾಗಾಗುತ್ತದೆ, ರಿಪೀಟರ್ ಪೆಟ್ಟಿಗೆಗಳಂತೆ. ಇಲ್ಲಿ ಫೋನ್ ಟವರಿನಿಂದ ಒಂದು ರೇಡಿಯೊದಲ್ಲಿ ತೆಗೆದುಕೊಂಡು ಲ್ಯಾಪ್‌ಟಾಪಿಗೆ ಇನ್ನೊಂದರಲ್ಲಿ ಕೊಡುತ್ತಿದೆ. ಅರ್ಧವಾಗಲು ಕಾರಣವಿಲ್ಲ. ಆದರೆ 2.4ರ ಮಾತು ಒಂದು ಮಟ್ಟಿಗೆ ಸರಿ. ಅಲ್ಲಿ ಅನೇಕ ಫೋನುಗಳ ಸಂಪರ್ಕ 72 ಎಂಬಿಪಿಎಸ್‌ಗೆ ನಿಲ್ಲುತ್ತದೆ, ಕೈಗೆ ಸಿಗುವುದು 35–40. ಟವರ್ 200 ಕೊಟ್ಟರೂ ಲ್ಯಾಪ್‌ಟಾಪ್ ಕಾಣುವುದು ಅಷ್ಟೇ. ಅದನ್ನೇ ನೀವು "ಕಂಪನಿ ಇಳಿಸಿತು" ಎಂದುಕೊಂಡಿರಬೇಕು.

ಆದರೆ ವೀಡಿಯೊ ಕರೆಗೆ 3 ಎಂಬಿಪಿಎಸ್ ಇದ್ದರೆ ಧಾರಾಳವಾಯಿತು. 40 ಇದ್ದವರಿಗೆ ಮಾತು ತುಂಡಾಗುವುದಿಲ್ಲ. ಮೇಲಾಗಿ 2.4 ಬೆಳಿಗ್ಗೆಯೂ 2.4, ಮಧ್ಯಾಹ್ನವೂ 2.4. ಹೊತ್ತಿಗೆ ತಕ್ಕಂತೆ ಬದಲಾಗುತ್ತಿರುವುದು ಬೇರೇನೋ.

ಬಿಸಿಲೂರು ಅವರೇ, ನಾಳೆ ಮೂರು ಹೊತ್ತು ಅಳೆಯಿರಿ: 10 ಗಂಟೆಗೆ, ತುಂಡಾಗಲು ತೊಡಗಿದಾಗ, ಪೂರ್ತಿ ನಿಂತಾಗ. ಮೊದಲು ಫೋನಿನಲ್ಲೇ ವೇಗ ನೋಡಿ, ತಕ್ಷಣ ಲ್ಯಾಪ್‌ಟಾಪಿನಲ್ಲಿ ನೋಡಿ. ಎರಡೂ ಕಡಿಮೆಯಿದ್ದರೆ ತೊಂದರೆ ಫೋನಿನಿಂದ ಆಚೆ. ಫೋನಿನಲ್ಲಿ ಚೆನ್ನಾಗಿದ್ದು ಲ್ಯಾಪ್‌ಟಾಪಿನಲ್ಲಿ ಮಾತ್ರ ಕಡಿಮೆಯಿದ್ದರೆ ಇವೆರಡರ ನಡುವೆ. ಫೋನಿನ ಮೇಲಿನ ಪಟ್ಟಿಯಲ್ಲಿ 5ಜಿ ಇದೆಯೋ 4ಜಿ ಇದೆಯೋ ಅದನ್ನೂ ಬರೆದಿಡಿ. ಪರೀಕ್ಷೆಯನ್ನು ಮೇಲಿಂದ ಮೇಲೆ ಮಾಡಬೇಡಿ, ವೇಗದ ಸಂಪರ್ಕದಲ್ಲಿ ಒಂದೊಂದು ಪರೀಕ್ಷೆಯೂ ನೂರಾರು ಎಂಬಿ ನುಂಗುತ್ತದೆ. ಲ್ಯಾಪ್‌ಟಾಪಿನಲ್ಲಿ Command Prompt ಎಂಬ ಕಪ್ಪು ಕಿಟಕಿ ತೆರೆದು ಇದನ್ನು ಒಮ್ಮೆ ಓಡಿಸಿ:

```
netsh wlan show interfaces
```

Channel ಎಂಬಲ್ಲಿ 1ರಿಂದ 13ರೊಳಗಿನ ಸಂಖ್ಯೆ ಇದ್ದರೆ ಸಾಮಾನ್ಯವಾಗಿ ಅದು 2.4. Receive rate ಎಷ್ಟಿದೆ ನೋಡಿ.

ಕೋಟೆ ಕೆಳಗಿನವ (ರಾಯಚೂರು), 10.20

ನಾನು ಮೊಬೈಲ್ ರಿಪೇರಿ ಅಂಗಡಿಯವನು. ಬಿಸಿಯ ಬಗ್ಗೆ ನನಗೊಂದೇ ಪ್ರಶ್ನೆ, ಮೇಡಂ: ಫೋನನ್ನು ಎಲ್ಲಿ ಇಡುತ್ತೀರಿ? ಏಪ್ರಿಲ್ ಬಂತೆಂದರೆ ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳ ಎದ್ದ ಫೋನುಗಳು ನನ್ನ ಮೇಜಿಗೆ ಬರುತ್ತವೆ. ತಂದವರನ್ನು ಕೇಳಿದರೆ ಹೆಚ್ಚಿನವರ ಉತ್ತರ ಎರಡೇ: ಬೈಕಿನ ಮೇಲೆ ದಾರಿ ನೋಡಲು ಇಟ್ಟಿದ್ದೆ, ಇಲ್ಲವೇ ಕಿಟಕಿಯಲ್ಲಿ ಹಾಟ್‌ಸ್ಪಾಟ್ ಹಾಕಿ ಚಾರ್ಜಿಗೆ ಇಟ್ಟಿದ್ದೆ.

ಬಿಸಿಲೂರು, 10.32

ಕಿಟಕಿಯಲ್ಲೇ ಅಣ್ಣ! ನಮ್ಮದು ಹಳೆಯ ಕಲ್ಲಿನ ಮನೆ, ಒಳಗೆ ಸಿಗ್ನಲ್ ಒಂದು ಕಡ್ಡಿ. ದಕ್ಷಿಣದ ಕಿಟಕಿಯಲ್ಲಿ ಮೂರು. ಬಿಸಿಲು 11ರ ಸುಮಾರಿಗೆ ಅಲ್ಲಿಗೆ ಬರುತ್ತದೆ. ಬರೆಯುತ್ತಿರುವಾಗಲೇ ನನಗೆ ಸ್ವಲ್ಪ ನಾಚಿಕೆಯಾಗುತ್ತಿದೆ.

ತುಂಗಭದ್ರಾ ಎಡದಂಡೆ (ಸಿಂಧನೂರು ಕಡೆ), 10.47

ನಮ್ಮಲ್ಲಿ ಕಿಟಕಿಯಲ್ಲೂ ಒಂದೇ ಕಡ್ಡಿ. ಗೊಬ್ಬರದ ಅಂಗಡಿಯ ಲೆಕ್ಕ ಹಾಕಲು ಫೋನನ್ನು ಮಾಳಿಗೆಯ ಮೆಟ್ಟಿಲ ಕೆಳಗಿನ ನೆರಳಿನಲ್ಲಿ ಇಟ್ಟು, ಕೆಳಗೆ ಲ್ಯಾಪ್‌ಟಾಪ್ ನಡೆಸುತ್ತೇನೆ. ಗೊಂಬೆಯವರು ಹೇಳಿದ 5 ಗಿಗಾಹರ್ಟ್ಸ್ ಹಾಕಿ ನೋಡಿದ್ದೆ, ಒಂದು ಗೋಡೆ ದಾಟುವಷ್ಟರಲ್ಲಿ ಸೋತಿತು. 2.4 ಆದರೆ ಕೆಳಗಿನವರೆಗೆ ಬರುತ್ತದೆ. ಬಿಲ್ಲು ಹಾಕಲು ವೇಗ ಬೇಡ, ಬಿಟ್ಟುಹೋಗದಿದ್ದರೆ ಸಾಕು. ಆದರೆ ಬ್ಯಾಟರಿ ಮಾತ್ರ 3 ಗಂಟೆಯಲ್ಲಿ ಮುಗಿಯುತ್ತದೆ. ನನ್ನದೂ 5000ದ್ದೇ, ಬಳಸುವುದೂ ಈ ಅಕ್ಕನಿಗಿಂತ ಕಡಿಮೆಯೇ. ಹಾಗಿದ್ದರೂ ಹೀಗೇಕೆ?

ಹಳೆಯ ಮೋಡೆಮ್, 11.15

ಎಡದಂಡೆಯವರೇ, ಅದು ಆ ಒಂದು ಕಡ್ಡಿಯ ಬೆಲೆ. ಟವರ್ ದೂರವಿದ್ದಷ್ಟೂ ಫೋನ್ ಹೆಚ್ಚು ಕೂಗಬೇಕು. ಸೆಟ್ಟಿಂಗ್ಸ್‌ನಲ್ಲಿ About phone ಒಳಗೆ SIM status ತೆರೆದರೆ ಸಿಗ್ನಲ್ ಡಿಬಿಎಂ ಲೆಕ್ಕದಲ್ಲಿ ಕಾಣುತ್ತದೆ. −85 ಒಳ್ಳೆಯದು, −110 ದಾಟಿದರೆ ಬಡತನ. ಹತ್ತು ಅಂಕಿ ಇಳಿದರೆ ಸಿಗ್ನಲ್ ಹತ್ತನೇ ಒಂದು ಪಾಲಾಗಿದೆ ಎಂದು ಅರ್ಥ. ಅದನ್ನು ಸರಿದೂಗಿಸಲು ಫೋನ್ ತನ್ನ ಕಡೆಯಿಂದ ಕಳುಹಿಸುವ ಶಕ್ತಿಯನ್ನು ಏರಿಸುತ್ತ ಹೋಗುತ್ತದೆ, ಮಿತಿ ಮುಟ್ಟುವವರೆಗೆ. ಬ್ಯಾಟರಿಯೂ ಅಲ್ಲಿಗೇ ಹೋಗುತ್ತದೆ, ಬಿಸಿಯೂ ಅಲ್ಲೇ ಹುಟ್ಟುತ್ತದೆ. ಎಷ್ಟು ಜಿಬಿ ಬಳಸಿದಿರಿ ಎಂಬುದಕ್ಕಿಂತ ಎಲ್ಲಿ ಕುಳಿತು ಬಳಸಿದಿರಿ ಎಂಬುದೇ ಹೆಚ್ಚು ಲೆಕ್ಕಕ್ಕೆ ಬರುತ್ತದೆ.

ಹಾಗಾಗಿ ಬಿಸಿಲೂರು ಅವರು ಕಿಟಕಿಯನ್ನು ಆರಿಸಿಕೊಂಡಿದ್ದು ದಡ್ಡತನವಲ್ಲ. ಒಳಗಿಟ್ಟರೆ ಫೋನ್ ಕೂಗಿ ಕೂಗಿ ಕಾಯುತ್ತದೆ, ಕಿಟಕಿಯಲ್ಲಿಟ್ಟರೆ ಸೂರ್ಯ ಕಾಯಿಸುತ್ತಾನೆ.

ಬಿಸಿಲೂರು, ಮಂಗಳವಾರ ಸಂಜೆ 6.40

ಅಳೆದಿದ್ದೇನೆ ಸರ್. ಬೇಕೆಂದೇ ಎಂದಿನಂತೆ ಕಿಟಕಿಯಲ್ಲೇ ಇಟ್ಟಿದ್ದೆ.

ಬೆಳಿಗ್ಗೆ 10ಕ್ಕೆ ಫೋನಿನಲ್ಲಿ 5ಜಿ, ವೇಗ 180. ಲ್ಯಾಪ್‌ಟಾಪಿನಲ್ಲಿ 38. ಚಾನೆಲ್ 6, ರೇಟ್ 72.2.

12.20ಕ್ಕೆ ಮಾತು ತುಂಡಾಗತೊಡಗಿತು. ಫೋನ್ ಮುಟ್ಟಲಾಗದಷ್ಟು ಬಿಸಿ. ಮೇಲೆ 4ಜಿ ಎಂದಿತ್ತು! ಇಷ್ಟು ದಿನ ಅದನ್ನು ಗಮನಿಸಿಯೇ ಇರಲಿಲ್ಲ. ಫೋನಿನಲ್ಲಿ 9, ಲ್ಯಾಪ್‌ಟಾಪಿನಲ್ಲಿ 8, ಆದರೆ ಅಪ್‌ಲೋಡ್ 1ಕ್ಕಿಂತ ಕಡಿಮೆ.

2.15ಕ್ಕೆ ಫೋನಿನಲ್ಲೂ ಲ್ಯಾಪ್‌ಟಾಪಿನಲ್ಲೂ 0.06. ಮೂರು ಬಾರಿ ನೋಡಿದರೂ ಅದೇ 0.06.

ಮತ್ತೊಂದು ಸಂಗತಿ. ಸಂದೇಶಗಳ ಪೆಟ್ಟಿಗೆ ತೆರೆದರೆ, 12.50ಕ್ಕೆ "ದಿನದ ಡೇಟಾ ಶೇ. 50 ಬಳಕೆಯಾಗಿದೆ", 1.40ಕ್ಕೆ "ಶೇ. 90". ಇಂತಹ ಸಂದೇಶಗಳು ದಿನಾ ಬರುತ್ತಿದ್ದವು. ನನ್ನದು ಮಿತಿಯಿಲ್ಲದ ಯೋಜನೆಯಲ್ಲವೇ ಎಂದು ಓದದೆ ಬಿಡುತ್ತಿದ್ದೆ.

ಹಳೆಯ ಮೋಡೆಮ್, 7.20

ಇಷ್ಟು ಚೊಕ್ಕವಾಗಿ ಅಳೆದು ತಂದವರು ಈ ವೇದಿಕೆಯಲ್ಲಿ ಅಪರೂಪ. ನಿಮ್ಮ ಸಂಖ್ಯೆಗಳೇ ಕಥೆ ಹೇಳುತ್ತಿವೆ.

ಫೋನ್ ಒಂದು ಮಿತಿಗಿಂತ ಹೆಚ್ಚು ಕಾದಾಗ ತನ್ನನ್ನು ಕಾಪಾಡಿಕೊಳ್ಳಲು ಕೆಲವು ಕೆಲಸಗಳನ್ನು ಕೈಬಿಡುತ್ತದೆ. ಪರದೆಯ ಬೆಳಕು ಇಳಿಸುತ್ತದೆ, ಚಾರ್ಜ್ ನಿಧಾನಗೊಳಿಸುತ್ತದೆ, ಹಲವು ಫೋನುಗಳು 5ಜಿ ಬಿಟ್ಟು 4ಜಿಗೆ ಇಳಿಯುತ್ತವೆ. ನಿಮ್ಮದು 11.45ರ ಸುಮಾರಿಗೆ ಇಳಿದಿರಬೇಕು. ಏಕೆಂದರೆ ಮಿತಿಯಿಲ್ಲದ್ದು 5ಜಿ ಮಾತ್ರ. 4ಜಿಗೆ ಇಳಿದ ಗಳಿಗೆಯಿಂದ ನಿಮ್ಮ 2 ಜಿಬಿಯ ಮೀಟರ್ ಓಡುತ್ತದೆ. ವೀಡಿಯೊ ಕರೆ ಹೋಗುವುದೂ ಬರುವುದೂ ಸೇರಿ 2 ಎಂಬಿಪಿಎಸ್ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ ಕಾಲು ಎಂಬಿ, ಗಂಟೆಗೆ 900 ಎಂಬಿ. ಅದರ ಮೇಲೆ ಲ್ಯಾಪ್‌ಟಾಪ್ ಹಿಂದಿನಿಂದ ಎಳೆದುಕೊಳ್ಳುವ ಚೂರುಪಾರು ಸೇರಿಸಿದರೆ ಗಂಟೆಗೆ 1 ಜಿಬಿ. 11.50ಕ್ಕೆ ಶುರುವಾದರೆ 12.50ಕ್ಕೆ ಅರ್ಧ, 1.40ಕ್ಕೆ ಶೇ. 90, 2ರೊಳಗೆ ಖಾಲಿ. ನಿಮ್ಮ ಸಂದೇಶಗಳ ಹೊತ್ತಿಗೆ ಸರಿಯಾಗಿ ಹೊಂದುತ್ತದೆ.

ಖಾಲಿಯಾದ ಮೇಲೆ ಸಿಗುವುದು 64 ಕೆಬಿಪಿಎಸ್. ನೀವು ಮೂರು ಬಾರಿ ಕಂಡ 0.06 ಅದೇ. ಬಿಸಿಯಿಂದ ಅಥವಾ ದುರ್ಬಲ ಸಿಗ್ನಲ್‌ನಿಂದ ವೇಗ ಕಡಿಮೆಯಾದರೆ ಸಂಖ್ಯೆ ಕುಣಿಯುತ್ತದೆ: ಒಮ್ಮೆ 2, ಒಮ್ಮೆ 9. ಅಳೆದಾಗಲೆಲ್ಲ ಒಂದೇ ಸಂಖ್ಯೆಗೆ ಕಟ್ಟಿಹಾಕಿದಂತೆ ನಿಂತರೆ ಅದು ಯೋಜನೆಯ ಮಿತಿ. ಸಂಜೆ ಬಿಸಿಲು ಸರಿದು ಫೋನ್ ತಣಿದಾಗ 5ಜಿ ಮರಳುತ್ತದೆ, ಅಲ್ಲಿ ಮೀಟರ್ ಇಲ್ಲ. ರಾತ್ರಿ 12ರವರೆಗೆ ಕಾಯದೆ 6ಕ್ಕೇ ಸರಿಯಾಗುತ್ತಿದ್ದುದು ಅದಕ್ಕೆ.

ಅಂದರೆ ಕಂಪನಿ ಹಾಟ್‌ಸ್ಪಾಟ್ ಎಂದು ನೋಡಿ ಇಳಿಸಿಲ್ಲ. ಫೋನಿನಲ್ಲೇ ನೋಡಿದ್ದರೂ 2ಕ್ಕೆ ಇದೇ ಗತಿಯಾಗುತ್ತಿತ್ತು.

ಕಿನ್ನಾಳ ಗೊಂಬೆ, 7.33

ಸರಿ ಸರ್, ಒಪ್ಪಿದೆ. ಹಾಗಾದರೆ ಫೋನನ್ನು 5ಜಿಗೆ ಮಾತ್ರ ಕಟ್ಟಿಹಾಕಿಬಿಟ್ಟರೆ ಆಯಿತಲ್ಲ? ಅದಕ್ಕೊಂದು ಗುಪ್ತ ಪರದೆ ಇದೆ. ಇಲ್ಲವೇ ಹತ್ತು ನಿಮಿಷ ಫ್ರಿಜ್‌ನಲ್ಲಿಟ್ಟು ತೆಗೆಯಬಹುದು, ನಾನು ಬೇಸಿಗೆಯಲ್ಲಿ ಹಾಗೆಯೇ ಮಾಡುವುದು.

ಕೋಟೆ ಕೆಳಗಿನವ, 7.41

ಫ್ರಿಜ್ ಬೇಡವೇ ಬೇಡ ತಮ್ಮಾ. ತಣ್ಣಗಿನ ಫೋನನ್ನು ಹೊರಗಿನ ಗಾಳಿಗೆ ತೆಗೆದಾಗ ತಂಬಿಗೆಯ ಮೇಲೆ ಕೂರುವಂತೆ ನೀರ ಹನಿ ಕೂರುತ್ತದೆ, ಒಳಗೂ ಕೂರುತ್ತದೆ. ಚಾರ್ಜಿಂಗ್ ಕಿಂಡಿ ಹಸಿರುಗಟ್ಟಿದ ಫೋನನ್ನು ತಂದು "ನೀರಿಗೆ ಬಿದ್ದೇ ಇಲ್ಲ" ಎಂದು ಆಣೆ ಮಾಡುವವರನ್ನು ಕಂಡಿದ್ದೇನೆ. ಕವರ್ ತೆಗೆದು ಫ್ಯಾನಿನ ಗಾಳಿಗೆ ಇಟ್ಟರೆ ಸಾಕು. ಲ್ಯಾಪ್‌ಟಾಪ್ ಬಿಸಿಗಾಳಿ ಬಿಡುವ ಬದಿಗೆ ಇಡಬೇಡಿ, ಹಾಸಿಗೆಯ ಮೇಲೂ ಬೇಡ. ಬೋರಲಾಗಿ ಇಡಿ, ಬೆನ್ನಿಗೆ ಗಾಳಿ ತಾಗಲಿ.

ಹಳೆಯ ಮೋಡೆಮ್, 8.02

5ಜಿಗೆ ಕಟ್ಟಿಹಾಕುವುದರ ಬಗ್ಗೆ: ಬಿಸಿಯನ್ನು ಕಡಿಮೆ ಮಾಡದೆ ಫೋನಿನ ತಪ್ಪಿಸಿಕೊಳ್ಳುವ ದಾರಿಯನ್ನು ಮುಚ್ಚಿದಂತಾಗುತ್ತದೆ. ಮುಂದಿನ ಹೆಜ್ಜೆ ಹಾಟ್‌ಸ್ಪಾಟನ್ನೇ ಆರಿಸುವುದು. ನನಗೆ ಇಷ್ಟವಿಲ್ಲ.

ನಾನಾದರೆ ಯುಎಸ್‌ಬಿ ತಂತಿ ಬಳಸುತ್ತೇನೆ. ಚಾರ್ಜರಿನ ಜೊತೆ ಬಂದ ತಂತಿಯನ್ನೇ ಲ್ಯಾಪ್‌ಟಾಪಿಗೆ ಚುಚ್ಚಿ, ಹಾಟ್‌ಸ್ಪಾಟ್ ಪುಟದಲ್ಲಿರುವ USB tethering ಆನ್ ಮಾಡಿ. ವೈ-ಫೈ ಹಾಟ್‌ಸ್ಪಾಟನ್ನು ಆರಿಸಿ. ಫೋನಿಗೆ ಒಂದು ರೇಡಿಯೊದ ಕೆಲಸ ತಪ್ಪುತ್ತದೆ, 72ರ ಮಿತಿಯೂ ಹೋಗುತ್ತದೆ.

ಬ್ಯಾಟರಿಯ ಲೆಕ್ಕವೂ ಇಲ್ಲೇ ಕೂಡಿಬರುತ್ತದೆ. 5000 ಎಂಎಎಚ್ ಎಂದರೆ ಸುಮಾರು 19 ವ್ಯಾಟ್-ಗಂಟೆ. ನಿಮ್ಮದು ಮೂರೂವರೆ ಗಂಟೆಯಲ್ಲಿ ಶೇ. 42 ಇಳಿದಿದೆ, ಗಂಟೆಗೆ 12. ಅಂದರೆ ಫೋನ್ ಸುಮಾರು 2.3 ವ್ಯಾಟ್ ತಿನ್ನುತ್ತಿದೆ. ಲ್ಯಾಪ್‌ಟಾಪಿನ ಸಾಮಾನ್ಯ ಯುಎಸ್‌ಬಿ 2 ಕಿಂಡಿ ಕೊಡುವುದು 5 ವೋಲ್ಟಿನಲ್ಲಿ ಅರ್ಧ ಆಂಪಿಯರ್, 2.5 ವ್ಯಾಟ್. ಬರುವುದಕ್ಕೂ ಹೋಗುವುದಕ್ಕೂ ಹೆಚ್ಚುಕಡಿಮೆ ಸರಿಹೋಗುತ್ತದೆ, ಬ್ಯಾಟರಿ ಇದ್ದಲ್ಲೇ ನಿಲ್ಲುತ್ತದೆ. ಪೆಟ್ಟಿಗೆಯಲ್ಲಿ ಬಂದ ವೇಗದ ಚಾರ್ಜರ್ ಹಾಕಿದರೆ ಅದು 30 ವ್ಯಾಟಿನಷ್ಟು ತುಂಬಲು ಹೊರಟು, ಹಾಟ್‌ಸ್ಪಾಟಿನ ಬಿಸಿಯ ಮೇಲೆ ತನ್ನ ಬಿಸಿಯನ್ನೂ ಹೇರುತ್ತದೆ. ಫೋನನ್ನು ಹಂಚು ಮಾಡಿದ್ದರಲ್ಲಿ ಅದರ ಪಾಲೂ ಇದೆ.

ಬಿಸಿ ಎಷ್ಟು ಎಂಬುದನ್ನು ಕೈಯಿಂದ ಅಳೆಯಬೇಡಿ. ಆಂಡ್ರಾಯ್ಡ್‌ನ ಎಡಿಬಿ ಸಾಧನ ಲ್ಯಾಪ್‌ಟಾಪಿನಲ್ಲಿದ್ದು, ಫೋನಿನಲ್ಲಿ USB debugging ಆನ್ ಇದ್ದರೆ:

```
adb shell dumpsys battery
```

temperature ಎಂಬ ಸಾಲಿನಲ್ಲಿ 412 ಎಂದಿದ್ದರೆ 41.2 ಡಿಗ್ರಿ. ನೋಡಿಯಾದ ಮೇಲೆ USB debugging ಮರೆಯದೆ ಆರಿಸಿ.

ಇನ್ನೊಂದು ಚಿಕ್ಕ ಕೆಲಸ: ವಿಂಡೋಸ್‌ನಲ್ಲಿ ಈ ಸಂಪರ್ಕಕ್ಕೆ Metered connection ಆನ್ ಮಾಡಿ. ತಂತಿಯಲ್ಲಿ ಬಂದರೆ ಅದು Ethernet ಎಂದು ಬೇರೆಯಾಗಿ ಕಾಣುತ್ತದೆ, ವೈ-ಫೈಗೆ ಹಾಕಿದ್ದು ಅದಕ್ಕೆ ತಗಲುವುದಿಲ್ಲ, ಅಲ್ಲೂ ಹಾಕಬೇಕು. ಇಲ್ಲವಾದರೆ ನೀವು ಪಾಠ ಹೇಳುತ್ತಿರುವಾಗ ವಿಂಡೋಸ್ ತನ್ನ ಅಪ್‌ಡೇಟ್ ಇಳಿಸಿಕೊಳ್ಳುತ್ತಿರುತ್ತದೆ.

ತುಂಗಭದ್ರಾ ಎಡದಂಡೆ, 8.30

ಮಾಳಿಗೆಯಿಂದ ಕೆಳಗಿನವರೆಗೆ ಉದ್ದನೆಯ ತಂತಿ ಎಳೆಯಬಹುದೇ ಸರ್? 8 ಮೀಟರ್ ಆದೀತು.

ಹಳೆಯ ಮೋಡೆಮ್, 8.36

ಸಾದಾ ತಂತಿಗೆ 5 ಮೀಟರ್ ಮಿತಿ. ಅದರಾಚೆಗೆ ಸಂಪರ್ಕ ಬಂದು ಬಂದು ಹೋಗುತ್ತದೆ. ನಿಮಗೆ ಈಗಿನ 2.4 ವೈ-ಫೈಯೇ ಸರಿ. ಫೋನ್ ಪಕ್ಕದಲ್ಲಿ ಸಾಧಾರಣ 5 ವ್ಯಾಟಿನ ಹಳೆಯ ಚಾರ್ಜರ್ ಇಡಿ, ವೇಗದ್ದು ಬೇಡ.

ಬಿಸಿಲೂರು, ಶುಕ್ರವಾರ ರಾತ್ರಿ 8.15

ಮೂರು ದಿನದ ವರದಿ. ಫೋನನ್ನು ಉತ್ತರದ ಕಿಟಕಿಗೆ ಸಾಗಿಸಿದೆ. ಸಿಗ್ನಲ್ ದಕ್ಷಿಣದಲ್ಲಿ −96 ಇತ್ತು, ಇಲ್ಲಿ −101. ಒಳಗಿನ ಕೋಣೆಯ −112ಕ್ಕಿಂತ ಎಷ್ಟೋ ವಾಸಿ. ಕವರ್ ತೆಗೆದೆ, ತಂತಿ ಹಾಕಿದೆ, ಮೇಜಿನ ಫ್ಯಾನ್ ಇಟ್ಟೆ. ಬುಧವಾರ 1 ಗಂಟೆಗೆ ಬ್ಯಾಟರಿ 39.4 ಡಿಗ್ರಿ, 5ಜಿ ಬಿಡಲಿಲ್ಲ. ಲ್ಯಾಪ್‌ಟಾಪಿನಲ್ಲಿ ವೇಗ 140 ದಾಟಿತು. ಬೆಳಿಗ್ಗೆ 80 ಇದ್ದ ಬ್ಯಾಟರಿ ಸಂಜೆ 5ಕ್ಕೆ 77. ಡೇಟಾ ಸಂದೇಶ ಒಂದೂ ಬರಲಿಲ್ಲ.

ಗುರುವಾರ ಮಾತ್ರ 2 ಗಂಟೆಗೆ ಕರೆಂಟ್ ಹೋಯಿತು. ಫ್ಯಾನ್ ನಿಂತಿತು. ಅದಕ್ಕಿಂತ ದೊಡ್ಡ ಸಂಗತಿ, ಈಗ ಫೋನಿಗೂ ಲ್ಯಾಪ್‌ಟಾಪೇ ಅನ್ನದಾತ! ಸಾಮಾನ್ಯವಾಗಿ ಮೂರೂವರೆ ಗಂಟೆ ಬರುವ ಲ್ಯಾಪ್‌ಟಾಪ್ ಮೂರು ಗಂಟೆಗೂ ಮೊದಲೇ ಕೈಕೊಡುವ ಲಕ್ಷಣ ತೋರಿತು. ತಂತಿ ಕಿತ್ತು ವೈ-ಫೈಗೆ ಮರಳಿದೆ. ಹೇಗೂ ಫೋನಿನಲ್ಲಿ ಶೇ. 78 ಇತ್ತು.

ಇವತ್ತು ನೆರಳಿನಲ್ಲೇ ಇದ್ದರೂ, ಬ್ಯಾಟರಿ 40ರ ಒಳಗೇ ಇದ್ದರೂ, 3 ಗಂಟೆಗೆ ಇಪ್ಪತ್ತು ನಿಮಿಷ 4ಜಿಗೆ ಇಳಿದು ಮರಳಿತು. ಇದಕ್ಕೇನು ಕಾರಣ?

ಕಿನ್ನಾಳ ಗೊಂಬೆ, 8.22

ಟವರಿಗೂ ಬಿಸಿಲು ತಾಗುತ್ತದೆ ಅಕ್ಕ.

ಹಳೆಯ ಮೋಡೆಮ್, 8.40

ನಗಬೇಡಿ, ಗೊಂಬೆಯವರ ಮಾತಿನಲ್ಲಿ ಹುರುಳಿರಬಹುದು. ಟವರಿನ ಪೆಟ್ಟಿಗೆಗಳಿಗೂ ತಾಪದ ಮಿತಿ ಇದೆ, ಕರೆಂಟ್ ಹೋದಾಗ ಅವೂ ಬ್ಯಾಟರಿಯ ಮೇಲೆ ನಡೆಯುತ್ತವೆ. ಇಲ್ಲವೇ ಆ ಹೊತ್ತಿನಲ್ಲಿ ಜನ ಹೆಚ್ಚಿದ್ದು ನಿಮ್ಮನ್ನು 4ಜಿಗೆ ತಳ್ಳಿರಬಹುದು. ಫೋನಿನ ಕಡೆಯಿಂದ ನೋಡಿ ಇವುಗಳಲ್ಲಿ ಯಾವುದು ಎಂದು ಬೇರ್ಪಡಿಸಲು ಬರುವುದಿಲ್ಲ. ಅದೇ ಓಣಿಯಲ್ಲಿ ಅದೇ ಕಂಪನಿಯ ಇನ್ನೊಂದು 5ಜಿ ಫೋನ್ ಇದ್ದರೆ, ಮುಂದಿನ ಸಲ ಇಳಿದಾಗ ಅದೂ ಇಳಿದಿದೆಯೇ ಎಂದು ನೋಡಿ.

ಕೋಟೆ ಕೆಳಗಿನವ, 8.52

ಮೇಡಂ, ಬ್ಯಾಟರಿಯನ್ನು 80ಕ್ಕೆ ನಿಲ್ಲಿಸುವ ಆಯ್ಕೆ ನಿಮ್ಮ ಫೋನಿನಲ್ಲಿದ್ದರೆ ಹಾಕಿಡಿ. ದಿನವಿಡೀ ತಂತಿಯಲ್ಲಿ ನೂರು ತುಂಬಿಕೊಂಡು ಬಿಸಿಯಲ್ಲಿ ಕೂರುವುದೇ ಉಬ್ಬುವುದಕ್ಕೆ ದಾರಿ. ಮುಚ್ಚಳದ ಅಂಚು ಎಲ್ಲಾದರೂ ಎದ್ದಂತೆ ಕಂಡರೆ ಒತ್ತಿ ಕೂರಿಸಬೇಡಿ, ಆರಿಸಿ ಅಂಗಡಿಗೆ ತನ್ನಿ.

ಬಿಸಿಲೂರು, 9.05

80ರ ಆಯ್ಕೆ ಬುಧವಾರದಿಂದಲೇ ಹಾಕಿದ್ದೇನೆ ಅಣ್ಣ. ಪಕ್ಕದ ಮನೆಯ ಹುಡುಗನ ಬಳಿ ಅದೇ ಕಂಪನಿಯ 5ಜಿ ಫೋನ್ ಇದೆ. ಸೋಮವಾರ 3 ಗಂಟೆಗೆ ಅವನನ್ನು ಕಾವಲಿಗೆ ಕೂರಿಸುತ್ತೇನೆ. ಕೂಲಿಯಾಗಿ ಎರಡು ಐಸ್‌ಕ್ಯಾಂಡಿ ಕೇಳಿದ್ದಾನೆ.

ಸಂಡೂರು ಸೀತಾಫಲ, 9.30

ನಾನು ಹೊಸ ಚರ್ಚೆ ಆರಂಭಿಸಿದ್ದೇನೆ, ಯಾರೂ ಬಂದಿಲ್ಲ. ದಯವಿಟ್ಟು ಬನ್ನಿ. ವಿಂಡೋಸ್ ಇನ್ನೂ ಹಾಗೆಯೇ ಇದೆ.